ಬ್ಯಾಟ್‌ಮನ್ ಕಾರಿನ ಪ್ರಶ್ನೆಯನ್ನು ನಾಲ್ಕು ಸಲ ಬರೆದೆ

ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗಕ್ಕೆ ವರ್ಷಕ್ಕೆ ಎರಡು ಸಲ ಕ್ವಿಜ್ ಮಾಡುತ್ತೇನೆ. ಎಂಟು ತಂಡ, ಭಾನುವಾರ ಸಂಜೆ, ಮಧ್ಯದಲ್ಲಿ ವಡಾಪಾವ್ ಮತ್ತು ಚಹಾ. ಕಳೆದ ಸಲ ಒಂದು ಸುತ್ತನ್ನು ಟೀವಿ ಸರಣಿಗಳ ವಸ್ತುಗಳಿಗೇ ಇಟ್ಟಿದ್ದೆ. ಕಾರು, ಕೋಟು, ಮುಖವಾಡ, ಕೈಯಲ್ಲಿ ಹಿಡಿದ ಸಾಮಾನು, ಹೀಗೆ. ತುಂಬ ಸುಲಭ ಅಂದುಕೊಂಡಿದ್ದೆ, ಫೋಟೋ ತೋರಿಸಿ "ಇದು ಯಾವ ಸರಣಿ" ಅಂತ ಕೇಳಿದರೆ ಮುಗೀತಲ್ಲ!

ಮುಗಿಯಲಿಲ್ಲ. ಮೊದಲು ಒಂದು ಕ್ಯಾರೆಟ್ ಫೋಟೋ ಇಟ್ಟು ಮನೆಯಲ್ಲಿ ಪರೀಕ್ಷೆ ಮಾಡಿದೆ. 1985ರ 'ಕರಮ್‌ಚಂದ್' ನೋಡಿದವರಿಗೆ ಪಂಕಜ್ ಕಪೂರ್ ಕ್ಯಾರೆಟ್ ಕಡಿಯುತ್ತಾ ಕೇಸು ಬಿಡಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ನನ್ನ ಹೆಂಡತಿ ಫೋನಿನಿಂದ ತಲೆಯನ್ನೂ ಎತ್ತದೆ ಹೇಳಿಬಿಟ್ಟಳು. ಮಗನಿಗೆ ಅದು ಬರೀ ಕ್ಯಾರೆಟ್. ಒಬ್ಬರಿಗೆ ಯೋಚಿಸುವ ಅಗತ್ಯವೇ ಇಲ್ಲ, ಇನ್ನೊಬ್ಬರು ಎಷ್ಟು ಯೋಚಿಸಿದರೂ ದಾರಿ ಇಲ್ಲ. ಇಂಥ ಪ್ರಶ್ನೆಯಲ್ಲಿ ವಯಸ್ಸಷ್ಟೇ ಗೊತ್ತಾಗುತ್ತದೆ.

ಹಾಗಾಗಿ ವಸ್ತುವನ್ನು ಗುರುತಿಸುವ ಪ್ರಶ್ನೆ ಬಿಟ್ಟು, ವಸ್ತುವಿನಿಂದ ಉತ್ತರಕ್ಕೆ ನಡೆದು ಹೋಗುವಂಥ ಪ್ರಶ್ನೆ ಬರೆಯಲು ಕೂತೆ. 1966ರ ಬ್ಯಾಟ್‌ಮನ್ ಸರಣಿಯ ಕಾರನ್ನು ಆರಿಸಿಕೊಂಡೆ, ಯಾಕೆಂದರೆ ಅದರ ಹುಟ್ಟಿನ ಕಥೆ ಚೆನ್ನಾಗಿದೆ. ಆ ಕಾರನ್ನು ಟೀವಿಗೆ ಅಂತ ಮೊದಲಿಂದ ಕಟ್ಟಿದ್ದಲ್ಲ. 1955ರಲ್ಲಿ ಲಿಂಕನ್ ಕಂಪನಿ ಪ್ರದರ್ಶನಕ್ಕೆಂದು 'ಫ್ಯೂಚುರಾ' ಅನ್ನುವ ಒಂದು ಕಾರು ಮಾಡಿಸಿತ್ತು. ಅದನ್ನು ಕೈಯಿಂದ ಕಟ್ಟಿದ್ದು ಇಟಲಿಯ ಗಿಯಾ ಕಾರ್ಖಾನೆ. ತಲೆಯ ಮೇಲೆ ಎರಡು ಗಾಜಿನ ಗುಳ್ಳೆ, ಹಿಂದೆ ಉದ್ದನೆಯ ರೆಕ್ಕೆಗಳು. 1959ರಲ್ಲಿ ಕೆಂಪು ಬಣ್ಣ ಬಳಿದುಕೊಂಡು ಒಂದು ಸಿನಿಮಾದಲ್ಲೂ ಕಾಣಿಸಿಕೊಂಡಿತು. ಆಮೇಲೆ ಹಾಲಿವುಡ್ಡಿಗೆ ಕಾರು ಮಾರ್ಪಡಿಸಿ ಕೊಡುತ್ತಿದ್ದ ಜಾರ್ಜ್ ಬ್ಯಾರಿಸ್ ಅದನ್ನು ಒಂದೇ ಒಂದು ಡಾಲರಿಗೆ ಕೊಂಡ. ಸರಣಿಯವರು ಬಂದು ಕಾರು ಕೇಳಿದಾಗ ಸಮಯ ಕಡಿಮೆ ಇತ್ತು. ರೆಕ್ಕೆ ಇದ್ದ ಈ ಕಾರು ಗ್ಯಾರೇಜಲ್ಲೇ ನಿಂತಿತ್ತು, ಅದನ್ನೇ ಕಪ್ಪು ಮಾಡಿ ಕೊಟ್ಟ. 2013ರ ಹರಾಜಿನಲ್ಲಿ ಅದೇ ಕಾರು 46 ಲಕ್ಷ ಡಾಲರಿಗೆ ಹೋಯಿತು.

ಮೊದಲ ಕರಡು: ಕಪ್ಪು ಕಾರಿನ ಫೋಟೋ, ಯಾವ ಸರಣಿ? ಎಲ್ಲರಿಗೂ ಗೊತ್ತು. ಬಿಟ್ಟೆ.

ಎರಡನೆಯದು: "ಲಿಂಕನ್ ಫ್ಯೂಚುರಾ ಯಾವ ಸರಣಿಯಲ್ಲಿ ಬಂತು?" ಇದು ತದ್ವಿರುದ್ಧ. ಓದಿದವನು ಹೇಳುತ್ತಾನೆ, ಓದದವನು ಬಾಯಿ ಮುಚ್ಚಿಕೊಂಡು ಕೂರಬೇಕು. ಪ್ರಶ್ನೆಯೊಳಗೆ ಹಿಡಿಯೋಕೆ ಏನೂ ಇಲ್ಲ.

ಮೂರನೆಯದರಲ್ಲಿ ಮೇಲಿನ ಕಥೆಯನ್ನೆಲ್ಲಾ ತುರುಕಿದೆ. ಡಾಲರ್, ಹರಾಜು, ಇಟಲಿ, ಸಿನಿಮಾ, ಎಲ್ಲಾ. ಮೇಲಿನ ಮಹಡಿಯ ಶೆಟ್ರು ನನ್ನ ಖಾಯಂ ಪರೀಕ್ಷಕರು. ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಕಥೆ ಲಾಯ್ಕುಂಟು ಮಾರಾಯ್ರೇ, ಆದ್ರೆ ಇದ್ರಲ್ಲಿ ನಾನು ಎಂತ ಹಿಡ್ಕೊಳ್ಳೋದು?" ಅಂದರು. ಸರಿಯಾದ ಮಾತು. ಡಾಲರಾಗಲಿ ಹರಾಜಾಗಲಿ ಉತ್ತರದ ಕಡೆ ಬೆರಳು ತೋರಿಸುವುದಿಲ್ಲ. ಅದೆಲ್ಲ ಉತ್ತರ ಹೇಳಿದ ಮೇಲೆ ಸಭೆಗೆ ಹೇಳೋಕೆ ಚೆಂದ, ಪ್ರಶ್ನೆಯಲ್ಲಿ ಬರೀ ಭಾರ.

ನಾಲ್ಕನೆಯದಕ್ಕೆ ಕಾರಿನಲ್ಲಿ ಕಣ್ಣಿಗೆ ಕಾಣುವುದನ್ನು ಮಾತ್ರ ಉಳಿಸಿಕೊಂಡೆ. ಜೊತೆಗೆ ಹಳೇ ಫ್ಯೂಚುರಾದ ಚಿತ್ರ, ತಿಳಿ ಬಣ್ಣದ್ದು. "1955ರ ಈ ಪ್ರದರ್ಶನದ ಕಾರಿನಲ್ಲಿ ಅಕ್ಕಪಕ್ಕ ಇಬ್ಬರು ಕೂರಲು ಎರಡು ಗಾಜಿನ ಗುಳ್ಳೆಗಳಿದ್ದವು. 1966ರ ಒಂದು ಟೀವಿ ಸರಣಿಗೆ ಇದನ್ನು ಬದಲಾಯಿಸುವಾಗ ಹಿಂದಿನ ರೆಕ್ಕೆಗಳ ಅಂಚನ್ನು ಕಮಾನು ಕಮಾನಾಗಿ ಮಾಡಿ ಮೈಗೆಲ್ಲ ಕಪ್ಪು ಬಳಿದರು. ಇದರಲ್ಲಿ ಯಾರು ಯಾರು ಓಡಾಡುತ್ತಿದ್ದರು?" ಇಬ್ಬರು, ಕಪ್ಪು, ಕಮಾನು ಅಂಚಿನ ರೆಕ್ಕೆ. ಫ್ಯೂಚುರಾ ಹೆಸರೇ ಕೇಳದವನೂ ಅರ್ಧ ನಿಮಿಷದಲ್ಲಿ ಬ್ಯಾಟ್‌ಮನ್ ಮತ್ತು ರಾಬಿನ್‌ಗೆ ಬರಬಹುದು. "ಹಗಲು ತಲೆಕೆಳಗಾಗಿ ನೇತಾಡುವ ಪ್ರಾಣಿಯ ರೆಕ್ಕೆ" ಅಂತಲೂ ಬರೆದು ನೋಡಿದ್ದೆ. ಬಾವಲಿ ಅಂತ ಕನ್ನಡದಲ್ಲಿ ಹೊಳೆದ ಕೂಡಲೇ ಆಟ ಮುಗಿದುಹೋಗುತ್ತಿತ್ತು, ಅದಕ್ಕೇ ಹೊಡೆದು ಹಾಕಿದೆ. ಎಂಟರಲ್ಲಿ ನಾಲ್ಕು ತಂಡ ಸರಿ ಹೇಳಿತು. ನನ್ನ ಲೆಕ್ಕದಲ್ಲಿ ಪ್ರಶ್ನೆ ಗೆದ್ದಂತೆ. ಎಂಟೂ ಹೇಳಿದರೂ ಒಂದೂ ಹೇಳದಿದ್ದರೂ ಅದು ದಂಡ.

ಬಟ್ಟೆಯ ಪ್ರಶ್ನೆಯ ಕಾಟ ಬೇರೆ ಥರದ್ದು. ಬಟ್ಟೆಯನ್ನು ಮಾತಲ್ಲಿ ವಿವರಿಸಿದರೆ ಎರಡು ಉತ್ತರ ಹೊಂದಿಕೊಂಡುಬಿಡುತ್ತವೆ. "ಟೊಪ್ಪಿಗೆ ಇರುವ ಕೆಂಪನೆಯ ಇಡೀ ಮೈಯುಡುಪು, ಮುಖಕ್ಕೆ ಮುಖವಾಡ, ಕೈಯಲ್ಲಿ ಬಂದೂಕು" ಅಂತ ಬರೆದಿದ್ದೆ, ಮನಸ್ಸಿನಲ್ಲಿ ಇದ್ದದ್ದು 'ಮನಿ ಹೈಸ್ಟ್'. ಮಗ ಕೇಳಿದ ತಕ್ಷಣ 'ಸ್ಕ್ವಿಡ್ ಗೇಮ್' ಅಂದ. ಅಲ್ಲಿನ ಕಾವಲುಗಾರರದ್ದು ಗುಲಾಬಿ ಕಡೆಗೆ ವಾಲಿದ ಬಣ್ಣ, ನಿಜ, ಆದರೆ "ಕೆಂಪನೆಯ" ಅಂದಮೇಲೆ ಅವನು ತಪ್ಪು ಅನ್ನೋಕೆ ನನಗೆ ಯಾವ ಹಕ್ಕು? ಮುಖವಾಡದ ಒಂದು ವಿವರ ಸೇರಿಸಿದೆ: ಮೇಲಕ್ಕೆ ತಿರುಚಿದ ಮೀಸೆ, ಸರಣಿ ನಡೆಯುವ ದೇಶದ ಒಬ್ಬ ಚಿತ್ರಕಾರನದ್ದು. ಡಾಲಿ, ಸ್ಪೇನ್, ಅಲ್ಲಿಂದ ಸರಣಿ. ವೃತ್ತ, ತ್ರಿಕೋನ, ಚೌಕದ ಮುಖವಾಡ ತಾನಾಗಿಯೇ ಹೊರಗೆ ಬಿತ್ತು. ಈಗ ಬಟ್ಟೆಯ ಪ್ರಶ್ನೆ ಬರೆದಾಗೆಲ್ಲ ಮೊದಲು ತಪ್ಪು ಉತ್ತರವನ್ನೇ ಹುಡುಕುತ್ತೇನೆ, ಇನ್ಯಾರು ಇದೇ ಬಟ್ಟೆ ಹಾಕಿದ್ದಾರೆ ಅಂತ.

ಇಷ್ಟೆಲ್ಲಾ ಮಾಡಿಯೂ ಎಡವಿದ್ದು ಮಿಸ್ಟರ್ ಬೀನ್‌ನಲ್ಲಿ. ಅವನ ಹಸಿರು ಮಿನಿ ಎಲ್ಲರಿಗೂ ಗೊತ್ತು, ಅದಕ್ಕೇ ನಾನು ಅವನು ಸದಾ ಗೋಳು ಹೊಯ್ದುಕೊಳ್ಳುವ ನೀಲಿ ಮೂರು ಚಕ್ರದ ಗಾಡಿ ಯಾವುದು ಅಂತ ಕೇಳಿದೆ. ನನ್ನ ಹಾಳೆಯಲ್ಲಿ ರಿಲಯಂಟ್ ಕಂಪನಿಯ ರಾಬಿನ್ ಅಂತ ಇತ್ತು. ಮೂರನೇ ತಂಡದ ಹುಡುಗಿ, ಕಾಲೇಜು ಓದುವವಳು, ಎದ್ದು ನಿಂತಳು. "ಅಂಕಲ್, ಅದು ರಾಬಿನ್ ಅಲ್ಲ, ಅದೇ ಕಂಪನಿಯ ರೀಗಲ್." ನಾನು ಸ್ವಲ್ಪ ಬಿಗುವಾಗಿಯೇ "ಹೇಗೆ ಹೇಳ್ತೀಯಮ್ಮಾ?" ಅಂದೆ. "ನಂಬರ್ ನೋಡಿ ಅಂಕಲ್, GRA 26K. ಕೊನೆಯಲ್ಲಿ ಕೆ ಇದೆ. ಬ್ರಿಟನ್ನಿನಲ್ಲಿ ಆಗ ಕೆ ಬಂದರೆ 1971 ಆಗಸ್ಟಿನಿಂದ 1972 ಜುಲೈ ಒಳಗಿನ ಗಾಡಿ. ರಾಬಿನ್ ಬಂದದ್ದೇ 1973ರಲ್ಲಿ."

ಸಭೆ ಚಪ್ಪಾಳೆ ಹೊಡೆಯಿತು. ಅಂಕ ಕೊಟ್ಟೆ. ಮನೆಗೆ ಬಂದು ನೋಡಿದರೆ ಅವಳ ಉತ್ತರ ನೂರಕ್ಕೆ ನೂರು ಸರಿ, ಅದು ರೀಗಲ್ ಸೂಪರ್‌ವ್ಯಾನ್. ವಾದದಲ್ಲಿ ಮಾತ್ರ ಸಣ್ಣ ಸಂದು ಇತ್ತು. ಅಲ್ಲಿ ಹೊಸ ಗಾಡಿಗೆ ಹಳೇ ನಂಬರ್ ಹಾಕಬಹುದು, ಹಳೇ ಗಾಡಿಯನ್ನು ಹೊಸದರಂತೆ ತೋರಿಸುವ ನಂಬರ್ ಹಾಕುವ ಹಾಗಿಲ್ಲ. ಜೊತೆಗೆ ಚಿತ್ರೀಕರಣದಲ್ಲಿ ಪ್ಲೇಟ್ ಬದಲಾಯಿಸೋದು ಮಾಮೂಲಿ. ನಂಬರಿನಿಂದ ಅನುಮಾನ ಹುಟ್ಟಬೇಕು, ತೀರ್ಮಾನಕ್ಕೆ ಗಾಡಿಯ ಮೂತಿ ನೋಡಬೇಕು. ಎರಡರ ಫೋಟೋ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ನಾನು ಮಾಡದೆ ಬಿಟ್ಟ ಕೆಲಸ ಇಷ್ಟೇ. ಯಾರೋ ಬರೆದ "ರಾಬಿನ್" ಅನ್ನು ಇನ್ಯಾರೋ ಎತ್ತಿಕೊಂಡು ಎಲ್ಲ ಕಡೆ ಹರಡಿದ್ದಾರೆ, ಹತ್ತು ಕಡೆ ಓದಿ ನಾನು ನಂಬಿದ್ದೆ. ಸರಣಿಯ ಒಂದು ದೃಶ್ಯವನ್ನು ನಿಲ್ಲಿಸಿ ನೋಡಿರಲಿಲ್ಲ.

ಮುಂದಿನ ಸಲಕ್ಕೆ ಆ ಹುಡುಗಿಯನ್ನೇ ಪರೀಕ್ಷಕಿ ಮಾಡಿಕೊಳ್ಳೋಣ ಅಂತ ಕೇಳಿದೆ. "ಹಾಗಾದ್ರೆ ನಾನು ಆಡೋಕೆ ಆಗಲ್ವಲ್ಲ ಅಂಕಲ್" ಅಂದಳು. ಮತ್ತೆ ಶೆಟ್ರೇ ಗತಿ.