ಮೊದಲ ಮೆಸೇಜೇ "ಬಾಯ್" ಆಗಿದ್ದರೆ

ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳ ಕೌನ್ಸೆಲಿಂಗ್ ಕೆಲಸವೂ ನನ್ನ ಪಾಲಿಗೇ ಬಂದಿದೆ. ಅದಕ್ಕಂತಲೇ ಒಂದು ವಾಟ್ಸಾಪ್ ನಂಬರ್ ಇದೆ. ಹೊಸಬರು ಸಾಮಾನ್ಯವಾಗಿ "ಹಾಯ್ ಮೇಡಂ", "ನಮಸ್ಕಾರ್ರಿ" ಅಂತ ಶುರು ಮಾಡುತ್ತಾರೆ. ಆದರೆ ಅಪರೂಪಕ್ಕೆ ಒಂದು ಹೊಸ ನಂಬರಿನಿಂದ ಬರೀ "ಗುಡ್ ನೈಟ್" ಅಥವಾ "ಬಾಯ್ ಮೇಡಂ" ಬರುತ್ತದೆ. ಹಿಂದೆ ಒಂದು ಮಾತಿಲ್ಲ, ಮುಂದೆ ಒಂದು ಮಾತಿಲ್ಲ.

ಇಂಥ ಒಂದು ಮೆಸೇಜಿನಲ್ಲಿ ನಾನು ತಪ್ಪಿದ್ದೆ. ಒಬ್ಬ ಹುಡುಗಿ ರಾತ್ರಿ "ಬಾಯ್" ಅಂತ ಕಳಿಸಿದ್ದಳು. ನಾನು ಮಲಗಿದ್ದೆ. ಫೋನಿನಲ್ಲಿ ನಾನೇ ಬರೆದಿಟ್ಟಿದ್ದ ಆಟೋ ರಿಪ್ಲೈ ಹೋಗಿತ್ತು: "ನಿಮ್ಮ ಸಂದೇಶಕ್ಕೆ ಧನ್ಯವಾದಗಳು. ನಾಳೆ ಉತ್ತರಿಸುತ್ತೇವೆ. ಶುಭರಾತ್ರಿ." ಬೆಳಿಗ್ಗೆ ನೋಡಿ, ಯಾರೋ ತಪ್ಪಿ ಕಳಿಸಿರಬೇಕು ಅಂತ ಸುಮ್ನಾದೆ. ಎಷ್ಟೋ ತಿಂಗಳ ಮೇಲೆ ಅವಳೇ ಸ್ಟಾಫ್ ರೂಮಿಗೆ ಬಂದು ಹೇಳಿದಳು. "ನಾ ಬಾಯ್ ಅಂದೆ, ನೀವೂ ಶುಭರಾತ್ರಿ ಅಂದ್ರಿ. ಅಲ್ಲಿಗೆ ಮುಗೀತಲ್ರಿ ಮೇಡಂ." ಆ ರಾತ್ರಿ ಅವಳು ಸಾಯುವ ವಿಚಾರದಲ್ಲಿದ್ದಳಂತೆ. ತಂಗಿಗೆ ಎಚ್ಚರವಾಗಿ, ಇಬ್ಬರೂ ಅತ್ತು, ಹೊತ್ತು ಕಳೆದಿತ್ತು. ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ.

ನಮ್ಮ ಕಡೆ ಮನೆಯಿಂದ ಹೊರಡುವಾಗ "ಹೋಗ್ತೀನಿ" ಅನ್ನುವುದಿಲ್ಲ. ಅಂದರೆ ಅಜ್ಜಿ ಬೈಯುತ್ತಾಳೆ. "ಹೋಗಿ ಬರ್ತೀನಿ" ಅನ್ನಬೇಕು. ಹೀಗೆ ವಿದಾಯದಲ್ಲೂ ವಾಪಸ್ ಬರುವ ಮಾತು ಇಟ್ಟುಕೊಂಡಿರುವ ಜನ, ಪರಿಚಯಕ್ಕೂ ಮೊದಲೇ "ಬಾಯ್" ಅಂದರೆ ಒಂದು ಕ್ಷಣ ನಿಂತು ನೋಡಬೇಕು ಅಂತ ಆಮೇಲೆ ಅನ್ನಿಸಿತು.

ಹಾಗಂತ ಎಲ್ಲದಕ್ಕೂ ಗಾಬರಿ ಬೇಡ. ಗುಲಾಬಿ ಹೂವು, ಚಂದ್ರನ ಚಿತ್ರ ಇರುವ ಗುಡ್ ನೈಟ್ ಬಂದರೆ ಅದು ಹತ್ತು ಜನಕ್ಕೆ ಫಾರ್ವರ್ಡ್ ಆಗಿದ್ದು. ಕೆಲವರಿಗೆ ನಂಬರ್ ತಪ್ಪಿರುತ್ತದೆ. ಕೆಲವರು ಈ ನಂಬರಿನ ಹಿಂದೆ ನಿಜವಾಗಿ ಮನುಷ್ಯರು ಇದ್ದಾರಾ ಅಂತ ನೋಡಲು ಕಳಿಸುತ್ತಾರೆ. ಆದರೆ ಬೆರಳಲ್ಲಿ ಟೈಪ್ ಮಾಡಿದ್ದು, ಅದೂ ನಡುರಾತ್ರಿ, ಅದರ ಜೊತೆಗೆ "ಸಾರಿ" ಅಥವಾ "ಥ್ಯಾಂಕ್ಸ್" ಇದ್ದರೆ ನನಗೆ ಮಲಗಲಾಗುವುದಿಲ್ಲ. ಅಂಥ "ಬಾಯ್" ಬಾಗಿಲು ತಟ್ಟಿ ಓಡಿಹೋಗಿ, ಮೂಲೆಯಲ್ಲಿ ನಿಂತು ಯಾರಾದರೂ ತೆಗೀತಾರಾ ಅಂತ ನೋಡಿದ ಹಾಗೆ. ಯಾರೂ ತೆಗೆಯದಿದ್ದರೆ ಮರ್ಯಾದೆಗೆ ಧಕ್ಕೆ ಇಲ್ಲ, ಸುಮ್ನೆ ಗುಡ್ ನೈಟ್ ಅಂದೆ ಅಂತ ಹೇಳಿಕೊಳ್ಳಬಹುದು. ಒಂದು ಮೆಸೇಜಿನಿಂದ ಇದು ಯಾವುದು ಅಂತ ಗೊತ್ತಾಗುವುದಿಲ್ಲ. ಕೇಳಿದರೇ ಗೊತ್ತಾಗುವುದು.

ಒಂದು ಸಂಕ್ರಾಂತಿಯ ಹೊತ್ತಿನ ಮಾತು ಹೇಳುತ್ತೇನೆ. ಹುಡುಗನ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಮರುದಿನ ಭೋಗಿ. ಸಜ್ಜಿ ರೊಟ್ಟಿಗೆ ಎಳ್ಳು ಹಸನು ಮಾಡುತ್ತ ಕೂತಿದ್ದೆ, ಅದಕ್ಕೇ ಎಚ್ಚರವಿದ್ದೆ. 11.40ಕ್ಕೆ ಮೆಸೇಜ್: "ಗುಡ್ ನೈಟ್ ಮೇಡಂ. ಸಾರಿ."

ತಿರುಗಿ ಗುಡ್ ನೈಟ್ ಹೇಳಲಿಲ್ಲ. ಹೀಗೆ ಬರೆದೆ: "ನಮಸ್ಕಾರ. ಈಗಷ್ಟೇ ಬಂದ್ರಿ, ಆಗಲೇ ಹೊಂಟ್ರ್ಯಾ? ನಾ ಇಲ್ಲೇ ಇದ್ದೀನಿ. ಹೆಸರು ಹೇಳದಿದ್ರೂ ನಡೀತದ." ಎರಡು ನೀಲಿ ಗೆರೆ ಬಂದವು. ಮೇಲೆ "ಟೈಪಿಂಗ್" ಬಂತು, ಹೋಯಿತು, ಮತ್ತೆ ಬಂತು. ಈ ಹೊತ್ತಿನಲ್ಲಿ ಮೇಲಿಂದ ಮೇಲೆ ಬರೆಯಬಾರದು ಅಂತ ಕಲಿತಿದ್ದೇನೆ. ಎರಡು ನಿಮಿಷ ಕಾದು, ಒಂದೇ ಶಬ್ದದಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ ಹಾಕಿದೆ. "ಸಾರಿ ಅಂದ್ರಲ್ಲ. ಇವತ್ತ ಏನರೆ ಆತೇನು?"

"ಹೂಂರಿ."

ಅಲ್ಲಿಂದ ಸ್ವಲ್ಪ ಸ್ವಲ್ಪವೇ ಬಿಚ್ಚಿದ. ಬಾಡಿಗೆ ರೂಮು. ಜೊತೆಗಿದ್ದವರು ಹಬ್ಬಕ್ಕೆ ಊರಿಗೆ ಹೋಗಿದ್ದಾರೆ. ಫೀಸಿಗೆ ಅಂತ ಕೊಟ್ಟ ದುಡ್ಡು ಬೇರೆಯದಕ್ಕೆ ಖರ್ಚಾಗಿದೆ, ಅಪ್ಪನಿಗೆ ಗೊತ್ತಾಗಿದೆ. "ನನ್ನಿಂದ ಎಲ್ಲಾರಿಗೂ ತ್ರಾಸು" ಅಂತ ಬರೆದ. ದುಡ್ಡಿಗಿಂತ ಈ ಸಾಲು ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು. ತಾನು ಇಲ್ಲದಿದ್ದರೆ ಉಳಿದವರಿಗೆ ಹಗುರ ಅನ್ನುವ ಲೆಕ್ಕ ತಲೆಯಲ್ಲಿ ಕೂತಿದೆ ಅಂತ ಅರ್ಥ.

ಆಗ ನೇರವಾಗಿ ಕೇಳಿದೆ. "ತಮ್ಮಾ, ಸಾಯೂ ವಿಚಾರ ಬಂದೈತೇನು?" ಮೊದಲೆಲ್ಲ ಇದನ್ನು ಬರೆಯಲು ನನ್ನ ಕೈ ನಡುಗುತ್ತಿತ್ತು. ಇಲ್ಲದ ವಿಚಾರವನ್ನು ನಾನೇ ತಲೆಗೆ ಹಾಕಿದ ಹಾಗಾದರೆ ಅಂತ. ಹಾಗೆ ಆಗುವುದಿಲ್ಲ. ಕೇಳಿದರೆ ವಿಚಾರ ಹುಟ್ಟುತ್ತದೆ ಅನ್ನುವುದು ತಪ್ಪು ತಿಳುವಳಿಕೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. "ಏನರೆ ಮಾಡ್ಕೋಬ್ಯಾಡಪ್ಪಾ ಮತ್ತ" ಅಂತ ಸುತ್ತಿ ಬಳಸಿ ಹೇಳಿದರೆ "ಇಲ್ರಿ" ಅಂತ ಹೇಳಿ ತಪ್ಪಿಸಿಕೊಳ್ಳುವುದು ಸುಲಭ. ನೇರ ಕೇಳಿದರೆ, ಈ ಮಾತು ಇವರ ಹತ್ತಿರ ಆಡಬಹುದು ಅಂತ ಎದುರಿನವರಿಗೆ ತಿಳಿಯುತ್ತದೆ.

ಮೂರು ನಿಮಿಷ ಏನೂ ಇಲ್ಲ. ಆಮೇಲೆ: "ಬಂದೈತ್ರಿ."

ಮುಂದೆ ಕೇಳಿದ್ದು ಎರಡೇ. ಇವತ್ತೇನಾ? ಅದಕ್ಕೆ ಏನಾದರೂ ಹತ್ತಿರ ಇಟ್ಟುಕೊಂಡಿದ್ದೀಯಾ? ಎರಡಕ್ಕೂ ಹೌದು ಅಂದ. ಇಂಥ ಉತ್ತರ ಬಂದ ಮೇಲೆ ಬುದ್ಧಿ ಹೇಳುವುದು, ಅಪ್ಪ ಅವ್ವನ ಮುಖ ನೆನಪಿಸುವುದು ಬಿಟ್ಟುಬಿಡಬೇಕು. ಮೊದಲೇ ತಪ್ಪಿತಸ್ಥ ಅಂದುಕೊಂಡವನ ಮೇಲೆ ಇನ್ನೊಂದು ಭಾರ ಅದು. ಆಗ ಬೇಕಾಗಿದ್ದು ಅವನಿಗೂ ಆ ವಸ್ತುವಿಗೂ ನಡುವೆ ದೂರ, ಮತ್ತು ಪಕ್ಕದಲ್ಲಿ ಒಬ್ಬ ಮನುಷ್ಯ. ಕೆಳಗಿನ ಮನೆಯಲ್ಲಿ ಮಾಲಕರು ಇದ್ದರು. "ಅದನ್ನ ಅಲ್ಲೇ ಬಿಟ್ಟು ಕೆಳಗ ಇಳಿ, ಅವರ ಕದಾ ಬಡಿ" ಅಂದೆ. "ಯಾರಿಗೂ ಹೇಳಬ್ಯಾಡ್ರಿ ಮೇಡಂ" ಅಂದ. ಆ ಮಾತು ಮಾತ್ರ ನಾನು ಯಾರಿಗೂ ಕೊಡುವುದಿಲ್ಲ. "ಜೀವದ ಮಾತು ಮುಚ್ಚಿಡಾಕ ಆಗಂಗಿಲ್ಲ. ಯಾರಿಗೆ ಹೇಳೂಣು, ಅದನ್ನ ನೀನ ಹೇಳು" ಅಂದೆ. ಕಾಕಾ ಅಂದ. ಕಾಕಾನ ನಂಬರು, ಮಾಲಕರ ನಂಬರು ಎರಡೂ ಕಳಿಸಿದ.

ಈ ಫೋನಿನಲ್ಲಿ ಅವನ ಜೊತೆ ಬರೆಯುತ್ತ, ನಮ್ಮ ಮನೆಯವರ ಫೋನಿನಿಂದ ಮಾಲಕರನ್ನು ಎಬ್ಬಿಸಿದೆ. ಅವರು ಎತ್ತದಿದ್ದರೆ 112ಕ್ಕೆ ಹಚ್ಚುವುದು ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಎತ್ತಿದರು. ಅವರ ಮನೆಯಾಕೆ ಅವನನ್ನು ಅಡುಗೆಮನೆಯಲ್ಲಿ ಕೂರಿಸಿ ಚಹಾ ಮಾಡಿದರಂತೆ. ಮಾಲಕರು ಮೇಲೆ ಹೋಗಿ ರೂಮಿಗೆ ಕೀಲಿ ಹಾಕಿಕೊಂಡು ಬಂದರು. ಅಲ್ಲಿಂದಲೇ ಅವನು ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಮಾತಾಡಿದ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಸಹಾಯವಾಣಿ ಅದು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳಗಿನ ಜಾವ ಕಾಕಾ ಬಂದರು. ಅವತ್ತೇ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋದರು. ಪೊಲೀಸ್ ಕೇಸ್ ಆಗ್ತದೇನ್ರಿ ಅಂತ ಕಾಕಾ ಎರಡು ಸಲ ಕೇಳಿದರು. ವಿಚಾರ ಬಂದಿದ್ದಕ್ಕೆ ಯಾವ ಕೇಸೂ ಇಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷಿಸಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ ಅಂತ ತಿಳಿಸಿದ ಮೇಲೆ ಅವರು ಸಮಾಧಾನವಾದರು.

ನನ್ನ ಕೇಳಿಕೆ ತಪ್ಪಾಗಿದ್ದೂ ಇದೆ. ಒಬ್ಬ ಹುಡುಗನಿಗೆ ಹೀಗೇ ಕೇಳಿದೆ. "ಅಯ್ಯ ಇಲ್ರಿ ಮೇಡಂ, ನಂಬರ್ ಸೇವ್ ಮಾಡಿದ್ದೆ, ಚೆಕ್ ಮಾಡಿದೆ" ಅಂತ ನಗುವ ಇಮೋಜಿ ಹಾಕಿದ. ಅವನಿಗೆ ಏನೂ ನಷ್ಟ ಆಗಲಿಲ್ಲ, ನನಗೂ ಆಗಲಿಲ್ಲ.

ಅವತ್ತು ಎಳ್ಳಿನ ಕೆಲಸ ಇಲ್ಲದಿದ್ದರೆ ನಾನು 11.40ಕ್ಕೆ ಎಚ್ಚರ ಇರುತ್ತಿರಲಿಲ್ಲ. ದಿನಾ ರಾತ್ರಿ ಫೋನ್ ಹಿಡಿದು ಕೂರುವುದು ಆಗದ ಮಾತು. ಹಾಗಾಗಿ ಆಟೋ ರಿಪ್ಲೈಯಿಂದ ಶುಭರಾತ್ರಿ ತೆಗೆದುಹಾಕಿದ್ದೇನೆ. ಈಗ ಅಲ್ಲಿ ಹೀಗಿದೆ: "ಈಗ ಈ ಫೋನು ಯಾರೂ ನೋಡುತ್ತಿಲ್ಲ. ಬೆಳಿಗ್ಗೆ 8ಕ್ಕೆ ನಾನೇ ಓದುತ್ತೇನೆ, ಉತ್ತರ ಬರೆಯುತ್ತೇನೆ. ಅಲ್ಲಿತನಕ ಕಾಯಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಹತ್ತಿರ ಯಾರು ಮಲಗಿದ್ದರೂ ಎಬ್ಬಿಸಿ."