ಹಾಸ್ಟೆಲ್ ವೈಫೈಗೆ ಪ್ಲೇಸ್ಟೇಷನ್ ಜೋಡಿಸುವುದು ಹೇಗೆ?

ಕೊಡಗಿನಲ್ಲಿ ಜೂನ್ ಮಳೆ ಹಿಡಿಯಿತೆಂದರೆ ಸಂಜೆಯ ಮೇಲೆ ಹಾಸ್ಟೆಲ್ ಹುಡುಗರಿಗೆ ಕೋಣೆಯೇ ಗತಿ. ಊರಿನಿಂದ ಪ್ಲೇಸ್ಟೇಷನ್ 5 ಹೊತ್ತು ತಂದವರ ದೂರು ಪ್ರತಿ ವರ್ಷವೂ ಒಂದೇ: "ಅಣ್ಣ, ವೈಫೈ ಸಿಗ್ನಲ್ ಪೂರ್ತಿ ಇದೆ, ಪಾಸ್‌ವರ್ಡ್ ಸರಿ ಇದೆ, ಆದರೂ ಇಂಟರ್ನೆಟ್ ಇಲ್ಲ ಎನ್ನುತ್ತದೆ." ಇಷ್ಟಕ್ಕೇ ಕನ್ಸೋಲನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಉಳಿಸಿಟ್ಟ ಆಟಗಳನ್ನೆಲ್ಲ ಕಳೆದುಕೊಂಡವರನ್ನು ನೋಡಿದ್ದೇನೆ. ಕನ್ಸೋಲ್ ಕೆಟ್ಟಿರುವುದಿಲ್ಲ. ರೀಸೆಟ್ ಗುಂಡಿಯ ಹತ್ತಿರವೂ ಹೋಗಬೇಡಿ.

ಮೊದಲು ಪರೀಕ್ಷೆ. Settings, ಅಲ್ಲಿಂದ Network, ಅಲ್ಲಿ Test Internet Connection ಒತ್ತಿ. ಫಲಿತಾಂಶವನ್ನು ಸಾಲು ಸಾಲಾಗಿ ಓದಿ. ಐಪಿ ವಿಳಾಸ ಸಿಕ್ಕಿದೆ, ಇಂಟರ್ನೆಟ್ ಸಂಪರ್ಕ ಮಾತ್ರ ವಿಫಲ ಎಂದು ಬಂದರೆ ಹೆಚ್ಚಿನ ಪಾಲು ಲಾಗಿನ್ ಪುಟದ್ದೇ ತಕರಾರು. ಇಂಥ ಜಾಲದಲ್ಲಿ ಗೇಟ್‌ವೇ ಎಂಬ ಯಂತ್ರ ಯಾರು ಬಂದರೂ ಐಪಿ ವಿಳಾಸ ಕೊಟ್ಟು ಒಳಗೆ ಕೂರಿಸುತ್ತದೆ, ಆದರೆ ಬ್ರೌಸರ್‌ನಲ್ಲಿ ಹೆಸರು, ಪಾಸ್‌ವರ್ಡ್ ತುಂಬುವ ತನಕ ಹೊರಗೆ ಬಿಡುವುದಿಲ್ಲ. ತುಂಬಿದ ಮೇಲೆ ಅದು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು ನಿಮ್ಮ ಹೆಸರನ್ನಲ್ಲ, ಸಾಧನಕ್ಕೆ ತಯಾರಿಕೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆಯನ್ನು, ಅಂದರೆ ಮ್ಯಾಕ್ ವಿಳಾಸವನ್ನು. ಫೋನ್‌ನಲ್ಲಿ ಲಾಗಿನ್ ಆದರೆ ಕನ್ಸೋಲ್‌ಗೂ ಆಯಿತು ಎಂದುಕೊಳ್ಳುವವರು ಎಡವುವುದು ಇಲ್ಲೇ.

ನಿಂಟೆಂಡೊ ಸ್ವಿಚ್ ಇದ್ದವರಿಗೆ ತಲೆನೋವು ಕಡಿಮೆ, ಲಾಗಿನ್ ಬೇಕು ಎಂದು ಅದೇ ಗುರುತಿಸಿ ಪುಟ ತೆರೆಯುತ್ತದೆ. ಪ್ಲೇಸ್ಟೇಷನ್ 4ರಲ್ಲಿ ಬ್ರೌಸರ್ ಇದೆ. ಪ್ಲೇಸ್ಟೇಷನ್ 5ರ ಮುಖಪುಟದಲ್ಲಿ ಬ್ರೌಸರ್ ಎಂಬ ಚಿಹ್ನೆಯೇ ಇಲ್ಲ. ಲಾಗಿನ್ ಪುಟ ತಾನಾಗಿ ಬಂದರೆ ಪುಣ್ಯ, ಬರದಿದ್ದರೆ ಅದಕ್ಕಾಗಿ ಹುಡುಕುತ್ತಾ ಕೂರಬೇಡಿ.

ಮ್ಯಾಕ್ ವಿಳಾಸ ನೋಂದಾಯಿಸಿ. ನನ್ನ ಮಟ್ಟಿಗೆ ಸರಿಯಾದ ದಾರಿ ಇದೊಂದೇ. ಕನ್ಸೋಲಿನ ಮ್ಯಾಕ್ ವಿಳಾಸವನ್ನು ಜಾಲ ನೋಡಿಕೊಳ್ಳುವವರಿಗೆ ಕೊಟ್ಟು, ಲಾಗಿನ್ ಇಲ್ಲದೆ ಬಿಡುವ ಪಟ್ಟಿಗೆ ಸೇರಿಸಲು ಕೇಳಬೇಕು. ಕೆಲಸ ಕೆಡುವುದು ಈ ಹಂತದಲ್ಲೇ, ಆದ್ದರಿಂದ ನಿಧಾನವಾಗಿ ಮಾಡಿ.

Settings, System, System Software, Console Information ಎಂದು ಹೋದರೆ ಅಲ್ಲಿ ಒಂದಲ್ಲ, ಎರಡು ಮ್ಯಾಕ್ ವಿಳಾಸಗಳು ಕಾಣುತ್ತವೆ: ಒಂದು LAN, ಇನ್ನೊಂದು Wi-Fi. ಕೇಬಲ್ ಚುಚ್ಚುವವರು ಮೊದಲನೆಯದನ್ನು, ವೈಫೈ ಬಳಸುವವರು ಎರಡನೆಯದನ್ನು ಕೊಡಬೇಕು. ಮೇಲೆ ಕಂಡದ್ದನ್ನು ಬರೆದುಕೊಟ್ಟು, "ಸೇರಿಸಿದ್ದಾರೆ, ಆದರೂ ಬರುತ್ತಿಲ್ಲ" ಎಂದು ವಾರಗಟ್ಟಲೆ ಅಲೆಯುವವರೇ ಹೆಚ್ಚು. ವಿಳಾಸದಲ್ಲಿ ಹನ್ನೆರಡು ಅಕ್ಷರಗಳಿರುತ್ತವೆ. ಅಂಕಿಗಳನ್ನು ಬಿಟ್ಟರೆ A ಇಂದ F ತನಕದ ಅಕ್ಷರಗಳು ಮಾತ್ರ, ಆದ್ದರಿಂದ O ಎಂದು ಕಂಡರೆ ಅದು ಸೊನ್ನೆಯೇ. ಆದರೆ B ಮತ್ತು 8 ಎರಡೂ ಬರಬಹುದು, ಕೈಬರಹದಲ್ಲಿ ಒಂದು ಇನ್ನೊಂದಾಗುತ್ತದೆ. ಚೀಟಿ ಬರೆಯುವ ಬದಲು ಟಿವಿ ಪರದೆಯ ಫೋಟೊ ತೆಗೆದು ಕಳುಹಿಸಿ.

ಕೆಲವು ಕಾಲೇಜುಗಳಲ್ಲಿ ಹೆಸರು, ಪಾಸ್‌ವರ್ಡ್ ಎರಡನ್ನೂ ಬ್ರೌಸರ್‌ನಲ್ಲಿ ಅಲ್ಲ, ವೈಫೈ ಸೇರುವಾಗಲೇ ಕೇಳುತ್ತಾರೆ. ಅಂಥ ಜಾಲಕ್ಕೆ ಪ್ಲೇಸ್ಟೇಷನ್ ನೇರವಾಗಿ ಸೇರುವುದೇ ಇಲ್ಲ. ಕೇಬಲ್ ಇದೆಯೇ ಎಂದು ವಾರ್ಡನ್ ಸರ್ ಅವರನ್ನು ಕೇಳಿ.

ನೋಂದಣಿ ಆಗುವ ತನಕ ಲ್ಯಾಪ್‌ಟಾಪ್. ವಿಂಡೋಸ್ ಲ್ಯಾಪ್‌ಟಾಪನ್ನು ಹಾಸ್ಟೆಲ್ ವೈಫೈಗೆ ಸೇರಿಸಿ, ಲಾಗಿನ್ ಮುಗಿಸಿ, Mobile hotspot ಆನ್ ಮಾಡಿ, ಕನ್ಸೋಲನ್ನು ಆ ಹಾಟ್‌ಸ್ಪಾಟ್‌ಗೆ ಸೇರಿಸಿ. ಗೇಟ್‌ವೇ ಕಣ್ಣಿಗೆ ಲ್ಯಾಪ್‌ಟಾಪ್ ಒಂದೇ ಕಾಣುತ್ತದೆ. ಲಾಗಿನ್ ಪುಟ ಬರದಿದ್ದರೆ ಬ್ರೌಸರ್‌ನಲ್ಲಿ ಇದನ್ನು ಟೈಪ್ ಮಾಡಿ:

```
http://neverssl.com
```

https ಇರುವ ತಾಣವನ್ನು ಗೇಟ್‌ವೇ ನಡುವೆ ತಡೆದರೆ ಬ್ರೌಸರ್ ಪ್ರಮಾಣಪತ್ರ ಸರಿಯಿಲ್ಲ ಎಂದು ಗದರುತ್ತದೆ. ಈ ತಾಣದಲ್ಲಿ ಆ ರಕ್ಷಣೆ ಇಲ್ಲದ್ದರಿಂದ ಲಾಗಿನ್ ಪುಟ ಸಲೀಸಾಗಿ ಎದುರು ಬರುತ್ತದೆ. ಇನ್ನು ಲ್ಯಾಪ್‌ಟಾಪ್ ನಿದ್ರೆಗೆ ಹೋಗದಂತೆ ನೋಡಿಕೊಳ್ಳಿ. ಅದು ಮಲಗಿದರೆ ಆಟವೂ ಮಲಗಿತು. ಕಚೇರಿಯ ಜಾಲದಲ್ಲಿ ಹೀಗೆ ಹಂಚುವುದಕ್ಕೆ ಮೊದಲು ಐಟಿ ವಿಭಾಗದ ಅನುಮತಿ ಪಡೆಯಿರಿ, ಹಲವು ಕಡೆ ಇದಕ್ಕೆ ನಿಷೇಧವಿದೆ.

ಗೋಡೆಯ ಪ್ಲಗ್ಗಿಗೆ ಚುಚ್ಚುವ ಅಗ್ಗದ ವೈಫೈ ರಿಪೀಟರ್ ತರಬೇಡಿ. ಅದು ಸಿಗ್ನಲ್ ಹಿಗ್ಗಿಸುತ್ತದೆಯೇ ಹೊರತು ನಿಮ್ಮ ಪರವಾಗಿ ಲಾಗಿನ್ ಆಗುವುದಿಲ್ಲ. ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್; ಯೂಟ್ಯೂಬ್ ನೋಡಿ ಅದರ ಜಾಗದಲ್ಲಿ 8.8.8.8 ಹಾಕುವವರದ್ದು ಇನ್ನೊಂದು ಕಥೆ. ಎಷ್ಟೋ ಜಾಲಗಳಲ್ಲಿ ಲಾಗಿನ್ ಪುಟ ಬರುವುದೇ ಅವರದೇ ಡಿಎನ್‌ಎಸ್ ಮೂಲಕ. ಅದನ್ನು ಬದಲಿಸಿದರೆ ಬರುತ್ತಿದ್ದ ಪುಟವೂ ಬರುವುದಿಲ್ಲ.

ಒಳಗೆ ಬಂದ ಮೇಲೂ ಪಾರ್ಟಿ ಚಾಟ್ ಏಕಿಲ್ಲ? ಅಂಗಡಿ ತೆರೆಯುತ್ತದೆ, ಟ್ರೋಫಿಗಳು ಸಿಂಕ್ ಆಗುತ್ತವೆ, ಡೌನ್‌ಲೋಡ್ ನಡೆಯುತ್ತದೆ, ಗೆಳೆಯನ ಧ್ವನಿ ಮಾತ್ರ ಕೇಳಿಸುವುದಿಲ್ಲ. ಮೊದಲಿನ ಮೂರೂ ವೆಬ್ ಪುಟಗಳು ಸಾಗುವ ಹಾದಿಯಲ್ಲೇ, ಅಂದರೆ ಟಿಸಿಪಿ 80 ಮತ್ತು 443ನೇ ಪೋರ್ಟ್‌ಗಳಲ್ಲಿ ಸಾಗುತ್ತವೆ. ಧ್ವನಿ ಮತ್ತು ಆಟದ ಚಲನೆ ಹೆಚ್ಚಾಗಿ ಸಾಗುವುದು ಯುಡಿಪಿ ಎಂಬ ಬೇರೆ ಸಾಗಣೆ ವಿಧಾನದಲ್ಲಿ. ಕಾಲೇಜಿನ ಫೈರ್‌ವಾಲ್ ವೆಬ್ ಹಾದಿಯನ್ನು ಮಾತ್ರ ಬಿಟ್ಟು ಯುಡಿಪಿಯನ್ನು ತಡೆದಿದ್ದರೆ ಹೀಗೇ ಅರ್ಧಂಬರ್ಧ ಆಗುತ್ತದೆ.

ಗುರುತಿಸುವುದು ಸುಲಭ. ಅದೇ ಪರೀಕ್ಷೆಯ ಫಲಿತಾಂಶದಲ್ಲಿ NAT Type ಎಂಬ ಸಾಲು ನೋಡಿ. ಒಳಗಿನ ಐಪಿ ವಿಳಾಸವನ್ನು ಗೇಟ್‌ವೇ ಹೊರಗಿನದಕ್ಕೆ ಬದಲಿಸುವುದೇ NAT, ಅದು ಎಷ್ಟು ಬಿಗಿ ಎಂಬುದನ್ನು ಈ ಸಾಲು ಹೇಳುತ್ತದೆ. Type 2 ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. Type 3 ಇದ್ದರೆ, ಅಥವಾ ಆ ಸಾಲೇ ವಿಫಲವಾಗಿದ್ದರೆ ಕಾರಣ ಸಿಕ್ಕಿತು. ಇಬ್ಬರೂ Type 3 ಇದ್ದರೆ ಒಬ್ಬರ ಕನ್ಸೋಲ್ ಇನ್ನೊಬ್ಬರದ್ದನ್ನು ನೇರವಾಗಿ ತಲುಪುವುದು ಬಹಳ ಕಷ್ಟ. ಹಾಗಾಗಿ ಎರಡು ಹಾಸ್ಟೆಲ್‌ಗಳ ಗೆಳೆಯರ ನಡುವೆ ಕೂಡದ ಪಾರ್ಟಿ, ಮನೆಯ ಬ್ರಾಡ್‌ಬ್ಯಾಂಡ್ ಇರುವ ತಮ್ಮನ ಜೊತೆ ಕೂಡಿಬರಬಹುದು. ಲ್ಯಾಪ್‌ಟಾಪ್ ಮೂಲಕ ಹೋದರೆ ವಿಳಾಸ ಎರಡು ಬಾರಿ ಬದಲಾಗುವುದರಿಂದ ಪರಿಸ್ಥಿತಿ ಇನ್ನಷ್ಟು ಹದಗೆಡುವುದೂ ಉಂಟು. ಪೋರ್ಟ್ ಫಾರ್ವರ್ಡ್ ಮಾಡಿ ಎಂಬ ವಿಡಿಯೊಗಳು ಮನೆಯ ರೂಟರ್ ಇದ್ದವರಿಗೆ. ಹಾಸ್ಟೆಲ್ ಗೇಟ್‌ವೇಯ ಪಾಸ್‌ವರ್ಡ್ ನಿಮ್ಮ ಕೈಯಲ್ಲಿಲ್ಲ.

ಚೆನ್ನಾಗಿದ್ದದ್ದು ನಡುವೆ ನಿಂತರೆ ಸಾಮಾನ್ಯವಾಗಿ ಲಾಗಿನ್ ಅವಧಿ ಮುಗಿದಿರುತ್ತದೆ. ರಾತ್ರಿ ರೆಸ್ಟ್ ಮೋಡ್‌ನಲ್ಲಿ ಡೌನ್‌ಲೋಡ್‌ಗೆ ಬಿಟ್ಟ ಆಟ ಬೆಳಿಗ್ಗೆ ಅಲ್ಲೇ ನಿಂತಿರುವುದಕ್ಕೂ ಹೆಚ್ಚಾಗಿ ಇದೇ ಕಾರಣ. ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗಿ ಬಂದಾಗ ಗೇಟ್‌ವೇಯೂ ಹೊಸದಾಗಿ ಚಾಲೂ ಆಗುತ್ತದೆ, ಹಳೆಯ ಲಾಗಿನ್‌ಗಳನ್ನು ಮರೆತಿರುತ್ತದೆ. ಮತ್ತೆ ಪರೀಕ್ಷೆ ಮಾಡಿ, ಐಪಿ ಇದೆ, ಇಂಟರ್ನೆಟ್ ಇಲ್ಲ ಎಂದರೆ ಲಾಗಿನ್ ಮತ್ತೊಮ್ಮೆ ಮಾಡಬೇಕು. ನೋಂದಣಿ ಆದವರಿಗೆ ಈ ಕಾಟವಿಲ್ಲ.

ಜಾಲದ ಉಸ್ತುವಾರಿಗೆ ಮನವಿ ಕೊಡುವಾಗ "ಗೇಮ್ ಓಡುತ್ತಿಲ್ಲ" ಎಂದು ಬರೆದರೆ ಅದು ಮೇಜಿನ ಮೇಲೇ ಉಳಿಯುತ್ತದೆ. ಹೀಗೆ ಬರೆಯಿರಿ: "ಈ ಫೋಟೊದಲ್ಲಿರುವ ಮ್ಯಾಕ್ ವಿಳಾಸವನ್ನು ಲಾಗಿನ್‌ನಿಂದ ಹೊರಗಿಟ್ಟು, ಅದಕ್ಕೆ ಯುಡಿಪಿ 3478 ಮತ್ತು 3479 ಹಾಗೂ ಟಿಸಿಪಿ 3478ರಿಂದ 3480ರವರೆಗೆ ಹೊರಹೋಗುವ ಸಂಪರ್ಕವನ್ನು ತೆರೆಯಬೇಕಾಗಿ ವಿನಂತಿ. ಬೇಕಿದ್ದರೆ ರಾತ್ರಿ ಊಟದ ನಂತರದ ಅವಧಿಗೆ ಮಾತ್ರ ಸಾಕು." ಕೆಲವು ಆಟಗಳಿಗೆ ಬೇರೆ ಪೋರ್ಟ್‌ಗಳೂ ಬೇಕಾಗುತ್ತವೆ. ನೀವು ಆಡುವ ಆಟದ ಸಹಾಯ ಪುಟದಲ್ಲಿ ಅವು ಇದ್ದರೆ ಅದೇ ಮನವಿಯಲ್ಲಿ ಸೇರಿಸಿಬಿಡಿ, ಎರಡನೆಯ ಮನವಿಗೆ ಮೊದಲನೆಯದರಷ್ಟು ಬೆಲೆ ಸಿಗುವುದಿಲ್ಲ.