ಡಿಟೆಕ್ಟರ್ ಹೇಗೆ ಊಹಿಸುತ್ತದೆ? ಮಕ್ಕಳಿಗೆ ಕಾಗದದ ಮೇಲೆ ತೋರಿಸಿ

ಎಐ ಬರಹವನ್ನು ಪತ್ತೆಹಚ್ಚುವ ಡಿಟೆಕ್ಟರ್ ಎಂಬ ತಂತ್ರಾಂಶಕ್ಕೆ ಪ್ರಬಂಧವೊಂದನ್ನು ಹಾಕಿದರೆ ‘ಇದು ಎಐ ಬರೆದದ್ದು’ ಎಂದೋ ‘ಮನುಷ್ಯರು ಬರೆದದ್ದು’ ಎಂದೋ ಉತ್ತರ ಬರುತ್ತದೆ. ಯಾರು ಬರೆದರೆಂದು ಅದಕ್ಕೆ ಗೊತ್ತಾಗಿದೆ ಎಂದೇ ಮಕ್ಕಳು ಅಂದುಕೊಳ್ಳುತ್ತಾರೆ. ದೊಡ್ಡವರಲ್ಲೂ ಬಹಳ ಮಂದಿ ಹಾಗೇ ಅಂದುಕೊಂಡಿದ್ದಾರೆ. ಬರೆಯುವಾಗ ಅದು ಪಕ್ಕದಲ್ಲಿ ಕೂತು ನೋಡಿರುವುದಿಲ್ಲ. ಅದರ ಮುಂದಿರುವುದು ಪದಗಳು ಮಾತ್ರ. ಆ ಪದಗಳಿಂದ ಅದು ಏನನ್ನು ಲೆಕ್ಕ ಹಾಕುತ್ತದೆ ಎಂಬುದನ್ನು ಐದನೇ ತರಗತಿಯ ಮಗುವಿಗೂ ಆಡಿಸಿ ತೋರಿಸಬಹುದು. ಎರಡು ವಾಕ್ಯ, ಒಂದು ಪೆನ್ಸಿಲ್, ಮುಚ್ಚಲು ಒಂದು ಚೀಟಿ ಇದ್ದರೆ ಸಾಕು.

ಹಂತ 1: ಮುಂದಿನ ಪದ ಊಹಿಸಿ

ಈ ವಾಕ್ಯವನ್ನು ಬರೆದು, ಮೊದಲ ಪದವೊಂದನ್ನು ಬಿಟ್ಟು ಉಳಿದದ್ದನ್ನು ಮುಚ್ಚಿ:

ಸಸ್ಯಗಳು ಸೂರ್ಯನ ಬೆಳಕಿನ ಸಹಾಯದಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ.

ಮುಂದಿನ ಪದ ಯಾವುದಿರಬಹುದು ಎಂದು ಮಗುವನ್ನು ಕೇಳಿ. ಮೊದಲ ಊಹೆಯೇ ಸರಿಯಾದರೆ 1 ಅಂಕ, ಎರಡನೇ ಅಥವಾ ಮೂರನೇ ಊಹೆಗೆ ಸಿಕ್ಕರೆ 2, ಮೂರೂ ತಪ್ಪಿದರೆ 3. ಆಮೇಲೆ ಚೀಟಿಯನ್ನು ಒಂದು ಪದದಷ್ಟು ಸರಿಸಿ, ಮತ್ತೆ ಕೇಳಿ. ‘ಸೂರ್ಯನ’ ಎಂಬುದಕ್ಕೆ 3 ಬಂದೀತು. ಅದು ಗೊತ್ತಾದ ಮೇಲೆ ‘ಬೆಳಕಿನ’ ಎಂಬುದು ತಾನಾಗಿ ಬಾಯಿಗೆ ಬರುತ್ತದೆ. ‘ಸಹಾಯದಿಂದ’, ‘ತಮ್ಮ’ ಎರಡಕ್ಕೂ 2, ಉಳಿದ ಮೂರಕ್ಕೂ 1 ಎಂದುಕೊಳ್ಳೋಣ. ಏಳು ಪದಕ್ಕೆ ಒಟ್ಟು 11, ಅಂದರೆ ಸರಾಸರಿ ಸುಮಾರು 1.6.

ಈಗ ಇನ್ನೊಂದು ವಾಕ್ಯ:

ನಮ್ಮ ಕುಂಡದ ಗಿಡ ಕಿಟಕಿಯ ಕಡೆಗೇ ಕತ್ತು ಚಾಚಿ ಸೊಟ್ಟಗಾಗಿದೆ.

‘ಗಿಡ’, ‘ಚಾಚಿ’ ಸುಲಭ. ‘ಕಡೆಗೇ’ ಎರಡನೇ ಊಹೆಗೆ ಸಿಗಬಹುದು. ‘ಕುಂಡದ’, ‘ಕಿಟಕಿಯ’, ‘ಕತ್ತು’, ‘ಸೊಟ್ಟಗಾಗಿದೆ’ ಯಾರಿಗೂ ಹೊಳೆಯಲಿಕ್ಕಿಲ್ಲ. ಒಟ್ಟು 16, ಸರಾಸರಿ 2.3.

ಹಂತ 2: ಗೆರೆ ಎಳೆಯಿರಿ

ಎಐ ಬರೆಯುವಾಗಲೂ ಒಂದಾದ ಮೇಲೊಂದು ಪದವನ್ನು ಹೀಗೇ ಆರಿಸುತ್ತಾ ಹೋಗುತ್ತದೆ. ಆ ಜಾಗಕ್ಕೆ ಬರುವ ಸಾಧ್ಯತೆ ಹೆಚ್ಚಿರುವ ಪದಗಳತ್ತಲೇ ಅದರ ಒಲವು. ಹಾಗಾಗಿ ಅದರ ಬರಹಕ್ಕೆ ನಮ್ಮ ಆಟದಲ್ಲಿ ಸಾಮಾನ್ಯವಾಗಿ ಕಡಿಮೆ ಅಂಕ ಬೀಳುತ್ತದೆ. ಅನೇಕ ಡಿಟೆಕ್ಟರ್‌ಗಳು ಅಳೆಯುವುದು ಇದನ್ನೇ. ಊಹಿಸುವವರು ಮಾತ್ರ ಮಗುವಲ್ಲ, ಇನ್ನೊಂದು ಎಐ. ಬೇರೆ ಲಕ್ಷಣಗಳನ್ನು ನೋಡುವ ಡಿಟೆಕ್ಟರ್‌ಗಳೂ ಇವೆ. ಆದರೆ ಕೊನೆಗೆ ಎಲ್ಲವೂ ಒಂದು ಅಂಕಕ್ಕೇ ಬಂದು ನಿಲ್ಲುತ್ತವೆ.

ಕಾಗದದ ಮೇಲೆ 2ರ ಬಳಿ ಗೆರೆ ಎಳೆದು, ಅದಕ್ಕಿಂತ ಕಡಿಮೆ ಬಂದದ್ದೆಲ್ಲ ‘ಎಐ’ ಎಂದು ಮಗುವಿಗೆ ಹೇಳಿ. ಸಸ್ಯಗಳ ವಾಕ್ಯ ಸಿಕ್ಕಿಬೀಳುತ್ತದೆ! ವಿಜ್ಞಾನದ ನೋಟ್ಸಿನಲ್ಲಿ ಯಾವ ವಿದ್ಯಾರ್ಥಿಯಾದರೂ ಸ್ವಂತ ಕೈಯಿಂದ ಬರೆಯುವ ವಾಕ್ಯ ಅದು. ವ್ಯಾಖ್ಯೆ, ಪ್ರಯೋಗದ ವರದಿ, ಬಾಯಿಪಾಠದ ಉತ್ತರ, ಇವೆಲ್ಲ ಹೀಗೆ ಊಹೆಗೆ ಸುಲಭವಾಗಿ ಸಿಗುವಂಥವೇ.

ಸರಿ, ಗೆರೆಯನ್ನು 1.5ಕ್ಕೆ ಇಳಿಸೋಣ. ಸಸ್ಯಗಳ ವಾಕ್ಯ ಪಾರಾಯಿತು. ಆದರೆ 1.7 ಅಂಕ ಬರುವ ಎಐ ಬರಹವೂ ಅದರ ಜೊತೆಗೇ ಪಾರಾಯಿತು. ಗೆರೆ ಮೇಲಕ್ಕೆ ಹೋದರೆ ತಪ್ಪಿಲ್ಲದವರು ಸಿಗುತ್ತಾರೆ, ಕೆಳಕ್ಕೆ ಬಂದರೆ ಯಂತ್ರ ತಪ್ಪಿಸಿಕೊಳ್ಳುತ್ತದೆ. ಮನುಷ್ಯರ ಬರಹದ ಅಂಕಗಳೂ ಎಐ ಬರಹದ ಅಂಕಗಳೂ ಒಂದರೊಳಗೊಂದು ಬೆರೆತಿರುವಾಗ ಎರಡೂ ತಪ್ಪನ್ನು ತಡೆಯುವ ಜಾಗವೇ ಇರುವುದಿಲ್ಲ. ಗೆರೆಯನ್ನು ಮಗುವಿನ ಕೈಯಿಂದಲೇ ಅತ್ತಿತ್ತ ಸರಿಸಿ ನೋಡಿಸಿ. ಇದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ.

ಇದರಿಂದ ಹೆಚ್ಚು ಪೆಟ್ಟು ತಿನ್ನುವವರು ಹೊಸ ಭಾಷೆ ಕಲಿಯುತ್ತಿರುವವರು. ಅವರಿಗೆ ಗೊತ್ತಿರುವ ಪದಗಳು ಕಡಿಮೆ, ಆದ್ದರಿಂದ ವಾಕ್ಯಗಳು ಸರಳ, ಆದ್ದರಿಂದ ಅಂಕವೂ ಕಡಿಮೆ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟು ನೋಡಿದರು. ಎಲ್ಲವೂ ಮನುಷ್ಯರೇ ಬರೆದವು. ಆದರೂ ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಿಗೆ ‘ಎಐ’ ಎಂಬ ಹಣೆಪಟ್ಟಿ ಬಿತ್ತು.

ಹಂತ 3: ಇಡೀ ಶಾಲೆಗೆ ಲೆಕ್ಕ ಹಾಕಿ

ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ 2023ರ ಜನವರಿಯಲ್ಲಿ ತನ್ನದೇ ಡಿಟೆಕ್ಟರ್ ಹೊರತಂದಾಗ ಎರಡು ಅಂಕಿ ಕೊಟ್ಟಿತ್ತು: ಎಐ ಬರಹಗಳಲ್ಲಿ ಅದು ಹಿಡಿಯುವುದು 26%, ಮನುಷ್ಯರ ಬರಹವನ್ನು ತಪ್ಪಾಗಿ ಎಐ ಎನ್ನುವುದು 9%. ನಿಖರತೆ ಸಾಲದೆಂದು ಅದೇ ವರ್ಷ ಜುಲೈನಲ್ಲಿ ಕಂಪನಿಯೇ ಅದನ್ನು ನಿಲ್ಲಿಸಿತು. ಆಮೇಲೆ ಬಂದವುಗಳ ಅಂಕಿಗಳು ಬೇರೆ ಇರಬಹುದು, ಆದರೆ ಲೆಕ್ಕದ ದಾರಿ ಒಂದೇ.

200 ಪ್ರಬಂಧಗಳಿವೆ, 180 ಮಕ್ಕಳು ತಾವೇ ಬರೆದಿದ್ದಾರೆ, 20 ಮಂದಿ ಎಐಯಿಂದ ಬರೆಸಿದ್ದಾರೆ ಎನ್ನಿ. 180ರಲ್ಲಿ 9% ಅಂದರೆ ಸುಮಾರು 16. 20ರಲ್ಲಿ 26% ಅಂದರೆ ಸುಮಾರು 5. ಡಿಟೆಕ್ಟರ್ ಕೆಂಪು ಗುರುತು ಹಾಕಿದ್ದು 21 ಪ್ರಬಂಧಗಳಿಗೆ, ಅವುಗಳಲ್ಲಿ 16 ಪ್ರಾಮಾಣಿಕ ಮಕ್ಕಳವು. ಬರೆಸಿದವರಲ್ಲಿ 15 ಮಂದಿ ನಿಶ್ಚಿಂತೆಯಿಂದ ಮನೆಗೆ ಹೋದರು. 9% ಎಂದಾಗ ಚಿಕ್ಕದಾಗಿ ಕಂಡದ್ದು, ತಾವೇ ಬರೆದವರ ಸಂಖ್ಯೆ ದೊಡ್ಡದಿರುವ ಕಡೆ ಹೀಗೆ ಹಿಗ್ಗುತ್ತದೆ.

ಹಂತ 4: ಗುರುತು ಬಿದ್ದರೆ ಏನು ನೋಡಬೇಕು

ಮೊದಲು ಬರಹದ ಉದ್ದ ನೋಡಿ. ಒಂದೆರಡು ವಾಕ್ಯದಲ್ಲಿ ಒಂದೇ ಪದ ಸರಾಸರಿಯನ್ನು ಎತ್ತ ಬೇಕಾದರೂ ಎಳೆಯುತ್ತದೆ. ನಮ್ಮ ಆಟದಲ್ಲಿ ‘ಸೊಟ್ಟಗಾಗಿದೆ’ ಎಂಬಲ್ಲಿ ‘ನಿಂತಿದೆ’ ಎಂದು ಬರೆದು ಮತ್ತೆ ಎಣಿಸಿದರೆ ಗೊತ್ತಾಗುತ್ತದೆ. ಆಮೇಲೆ ಡಿಟೆಕ್ಟರ್ ತೋರಿಸಿದ ಶೇಕಡಾ ಏನನ್ನು ಹೇಳುತ್ತಿದೆ ಎಂದು ಓದಿ. ಕೆಲವದರಲ್ಲಿ ‘80%’ ಅಂದರೆ ಬರಹದ ಅಷ್ಟು ಭಾಗ ಎಐಯದು ಎಂಬ ಅಂದಾಜು, ಕೆಲವದರಲ್ಲಿ ತನ್ನ ಊಹೆಯ ಮೇಲೆ ಅದಕ್ಕಿರುವ ಭರವಸೆ. ಎರಡೂ ಒಂದೇ ಅಲ್ಲ.

ಇಷ್ಟಾದ ಮೇಲೂ ಬರೆದವರು ಯಾರೆಂಬ ಪ್ರಶ್ನೆ ಉಳಿದರೆ ಅದಕ್ಕೆ ಸಾಕ್ಷಿ ಬೇರೆ ಕಡೆ ಇದೆ: ಹೊಡೆದುಹಾಕಿದ ಸಾಲುಗಳಿರುವ ಕರಡು ಪ್ರತಿ, ಕಂಪ್ಯೂಟರ್‌ನಲ್ಲಿ ಬರೆದಿದ್ದರೆ ಕಡತದ ಹಳೆಯ ಆವೃತ್ತಿಗಳು, ಮತ್ತು ‘ಈ ಪದ ಇಲ್ಲಿ ಯಾಕೆ ಹಾಕಿದೆ?’ ಎಂದು ಕೇಳಿದಾಗ ಮಗು ಕೊಡುವ ಉತ್ತರ.